ಮೊದಲ ಮೀಟ್‌ನಲ್ಲಿ ಚಿರತೆ, ಮುಖ್ಯ ಮೀಟ್‌ನಲ್ಲಿ ಸುಸ್ತು: ಸೀಸನ್ ಲೆಕ್ಕ ಎಲ್ಲಿ ತಪ್ಪುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಕ್ರೀಡೆ ಬಗ್ಗೆ ಮಾತಾಡೋಣ. ಯಾರು ಗೆದ್ರು, ಯಾರು ಸೋತ್ರು ಅನ್ನೋ ಸುದ್ದಿ ಅಲ್ಲ. ಗೆಲ್ಲೋ ದಿನಕ್ಕೆ ಐದು ತಿಂಗಳ ಮುಂಚೆ ಮೈದಾನದಲ್ಲಿ ಏನು ನಡೀಬೇಕು ಅನ್ನೋ ವಿಷಯ.

ಈ ಕಥೆ ನೀವು ಯಾವುದಾದ್ರೂ ಕಾಲೇಜಲ್ಲಿ ನೋಡಿರ್ತೀರಿ. ಒಬ್ಬ ಹುಡುಗಿ 1500 ಮೀಟರ್ ಓಡ್ತಾಳೆ. ಸೀಸನ್‌ನ ಮೊದಲ ಮೀಟ್‌ನಲ್ಲೇ 4 ನಿಮಿಷ 50 ಸೆಕೆಂಡ್. ಎಲ್ಲರೂ ಚಪ್ಪಾಳೆ. ಖುಷಿಯಿಂದ ಅದೇ ಟ್ರೇನಿಂಗನ್ನ ಇನ್ನೂ ಜೋರಾಗಿ ಮುಂದುವರಿಸ್ತಾಳೆ, ವಾರಕ್ಕೆ ಮೂರು ದಿನ ಟ್ರ್ಯಾಕ್ ಮೇಲೆ ಉಸಿರು ಕಟ್ಟೋ ಹಾಗೆ 400 ಮೀಟರ್ ರಿಪೀಟ್‌ಗಳು. ನಾಲ್ಕು ತಿಂಗಳಾದ ಮೇಲೆ, ನಿಜವಾಗಿ ಬೇಕಾಗಿದ್ದ ಮೀಟ್‌ನಲ್ಲಿ, 4 ನಿಮಿಷ 58 ಸೆಕೆಂಡ್. ಆಗ ಸುತ್ತ ಇರೋರು ಏನಂತಾರೆ? "ಅವಳಿಗೆ ಮೊದಲಿನ ಶ್ರದ್ಧೆ ಇಲ್ಲ", "ಮೊಬೈಲ್ ಜಾಸ್ತಿ ಆಯ್ತು", "ಪ್ರೆಶರ್ ತಡ್ಕೊಳ್ಳೋಕೆ ಆಗಲ್ಲ". ಎಷ್ಟೋ ಮಕ್ಕಳು ಇದೇ ಮಾತನ್ನ ನಂಬಿ, ತಮ್ಮಲ್ಲಿ ಪ್ರತಿಭೆನೇ ಇಲ್ಲ ಅಂದ್ಕೊಂಡು, ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಸ್ಪೈಕ್ಸ್ ಬಿಚ್ಚಿಟ್ಟುಬಿಡ್ತಾರೆ.

ಆದ್ರೆ ಬಹಳ ಸಲ ತಪ್ಪಿರೋದು ಹುಡುಗಿಯ ಮನಸ್ಸಲ್ಲಲ್ಲ, ಕ್ಯಾಲೆಂಡರ್‌ನಲ್ಲಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವಾಗ ನಿಲ್ಲಿಸ್ಬೇಕು ಅನ್ನೋ ಕ್ರಮ ತಪ್ಪಿರುತ್ತೆ. ಈ ಕ್ರಮ ಹಾಕೋ ವಿದ್ಯೆಗೆ ಕೋಚ್‌ಗಳು ಪೀರಿಯಡೈಸೇಷನ್ ಅಂತಾರೆ. ಸೀಸನ್ನನ್ನ ಬೇಸ್, ಬಿಲ್ಡ್, ಪೀಕ್, ರಿಕವರಿ ಅಂತ ಹಂತಗಳಾಗಿ ಹಂಚೋದು.

ಚಪ್ಪಲಿ ಫ್ಯಾಕ್ಟರಿಯಿಂದ ಬಂದ ಕೋಚ್

ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಬ್ಬರ ಕಥೆ ಸಾಕು. ನ್ಯೂಜಿಲೆಂಡ್‌ನ ಆಕ್ಲೆಂಡ್ ನಗರದಲ್ಲಿ ಆರ್ಥರ್ ಲಿಡಿಯರ್ಡ್ ಅಂತ ಒಬ್ಬರಿದ್ರು. ಹುಟ್ಟಿದ್ದು 1917ರಲ್ಲಿ. ವಿಶ್ವವಿದ್ಯಾಲಯದ ವಿಜ್ಞಾನಿ ಏನಲ್ಲ, ಶೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದವರು. ಎಷ್ಟು ಓಡಿದ್ರೆ ದೇಹ ಹೇಗಾಗುತ್ತೆ ಅಂತ ವರ್ಷಗಟ್ಟಲೆ ತಮ್ಮ ಮೇಲೇ ಪ್ರಯೋಗ ಮಾಡಿ, ಕೊನೆಗೆ ಒಂದು ಲೆಕ್ಕಕ್ಕೆ ಬಂದ್ರು: ಸೀಸನ್‌ಗೆ ಮುಂಚೆ ವಾರಕ್ಕೆ 100 ಮೈಲಿ, ಅಂದ್ರೆ ಸುಮಾರು 160 ಕಿಲೋಮೀಟರ್. ಭಾನುವಾರ ಬಂತು ಅಂದ್ರೆ ಆಕ್ಲೆಂಡ್ ಪಶ್ಚಿಮದ ಗುಡ್ಡಗಳಲ್ಲಿ 22 ಮೈಲಿಯ ಒಂದು ಸುತ್ತು.

ಇದನ್ನ ಮ್ಯಾರಥಾನ್ ಓಟಗಾರರಿಗೆ ಹೇಳಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಲಿಡಿಯರ್ಡ್ ಇದನ್ನ ಮಾಡಿಸಿದ್ದು 800 ಮೀಟರ್ ಓಡೋ ಹುಡುಗನ ಕೈಲಿ. ಟ್ರ್ಯಾಕ್‌ನಲ್ಲಿ ಎರಡೇ ಸುತ್ತು, ಎರಡು ನಿಮಿಷದೊಳಗೆ ಮುಗಿಯೋ ಓಟಕ್ಕೆ 35 ಕಿಲೋಮೀಟರ್ ಗುಡ್ಡ ಯಾಕಪ್ಪಾ ಅಂತ ಜನ ಕೇಳಿದ್ದು ಸಹಜ.

ಆ ಹುಡುಗ ಪೀಟರ್ ಸ್ನೆಲ್. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ 21 ವರ್ಷ, ಹೊರಗೆ ಹೆಚ್ಚು ಜನಕ್ಕೆ ಹೆಸರೇ ಗೊತ್ತಿರಲಿಲ್ಲ. ಆ ಸಲ 800 ಮೀಟರ್‌ನಲ್ಲಿ ಮೂರು ದಿನದಲ್ಲಿ ನಾಲ್ಕು ಓಟ ಓಡ್ಬೇಕಿತ್ತು. ನಾಲ್ಕನೆಯದು ಫೈನಲ್. ಅದರ ಕೊನೆಯ ಕೆಲವು ಹೆಜ್ಜೆಗಳಲ್ಲಿ ಸ್ನೆಲ್, ವಿಶ್ವದಾಖಲೆ ಹೊಂದಿದ್ದ ಬೆಲ್ಜಿಯಂನ ರೋಜರ್ ಮೋನ್ಸ್ ಅವರನ್ನ ಹಿಂದಿಕ್ಕಿ ಚಿನ್ನ ಗೆದ್ರು. ಅದೇ ದಿನ, ಅದೇ ಟ್ರ್ಯಾಕ್‌ನಲ್ಲಿ ಲಿಡಿಯರ್ಡ್ ಅವರ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರ್ ಚಿನ್ನ ಗೆದ್ರು. ಮೂರನೇ ಶಿಷ್ಯ ಬ್ಯಾರಿ ಮಗೀ ಮ್ಯಾರಥಾನ್‌ನಲ್ಲಿ ಕಂಚು.

ಇನ್ನೂ ಒಳ್ಳೆ ಉದಾಹರಣೆ ಮುಂದಿನ ವರ್ಷದ್ದು. 1961ರ ಡಿಸೆಂಬರ್‌ನಲ್ಲಿ ಸ್ನೆಲ್ ಒಂದು ಪೂರ್ತಿ ಮ್ಯಾರಥಾನ್ ಓಡಿದ್ರು, ಬೇಸ್ ಹಂತದ ಭಾಗವಾಗಿ. ಅದಾಗಿ ಸುಮಾರು ಎರಡು ತಿಂಗಳಲ್ಲಿ, 1962ರ ಜನವರಿ 27ಕ್ಕೆ, ವಾಂಗನುಯಿ ಊರಿನ ಹುಲ್ಲಿನ ಟ್ರ್ಯಾಕ್ ಮೇಲೆ ಒಂದು ಮೈಲಿಯನ್ನ 3 ನಿಮಿಷ 54.4 ಸೆಕೆಂಡ್‌ನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ರು. ಒಂದು ವಾರದ ನಂತರ ಕ್ರೈಸ್ಟ್‌ಚರ್ಚ್‌ನಲ್ಲಿ, ಅದೂ ಹುಲ್ಲಿನ ಮೇಲೇ, 800 ಮೀಟರ್‌ನಲ್ಲಿ 1 ನಿಮಿಷ 44.3 ಸೆಕೆಂಡ್. ಹಳೇ ವಿಶ್ವದಾಖಲೆಗಿಂತ 1.4 ಸೆಕೆಂಡ್ ಕಮ್ಮಿ. 1964ರ ಟೋಕಿಯೊದಲ್ಲಿ 800 ಮತ್ತು 1500 ಎರಡರಲ್ಲೂ ಚಿನ್ನ.

ಇಲ್ಲಿ ಗಮನಿಸ್ಬೇಕಾದ್ದು 160 ಕಿಲೋಮೀಟರ್ ಅನ್ನೋ ಸಂಖ್ಯೆ ಅಲ್ಲ. ಅದನ್ನ ನಾಳೆಯಿಂದಲೇ ಕಾಪಿ ಮಾಡೋಕೆ ಹೋದ್ರೆ ಕಾಲಿನ ಮೂಳೆ ಬಿರುಕು ಬಿಡುತ್ತೆ ಅಷ್ಟೇ. ಗಮನಿಸ್ಬೇಕಾದ್ದು ಕ್ರಮ. ಮೊದಲು ಕಮ್ಮಿ ಅಂದ್ರೂ ಹತ್ತು ವಾರ ದೂರದ ಓಟ. ಆಮೇಲೆ ಸುಮಾರು ನಾಲ್ಕು ವಾರ ಗುಡ್ಡ. ಅದಾದ ಮೇಲೆ ನಾಲ್ಕು ವಾರ ಟ್ರ್ಯಾಕ್‌ನ ಕಠಿಣ ಕೆಲಸ. ಆಮೇಲೆ ರೇಸ್‌ಗೆ ಹದ ಹಿಡಿಯೋದು, ಕೊನೆಗೆ ಸುಮಾರು ಹತ್ತು ದಿನ ಹಗುರ. ಲಿಡಿಯರ್ಡ್ ರೇಸ್‌ನ ತಾರೀಖು ಇಟ್ಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸ್ತಿದ್ರು.

ಈ ಕ್ರಮವೇ ಯಾಕೆ?

ಒಂದು ಮುಖ್ಯ ಕಾರಣ ಸರಳವಾಗಿದೆ. ದೇಹದಲ್ಲಿ ಒಂದೊಂದು ಶಕ್ತಿ ಬೆಳೆಯೋಕೂ ಒಂದೊಂದು ಅವಧಿ ಬೇಕು, ಬಿಟ್ಟ ಮೇಲೆ ಉಳಿಯೋದೂ ಒಂದೊಂದು ಅವಧಿ.

ನಿಧಾನ ಓಟದಿಂದ ಏನಾಗುತ್ತೆ? ಸ್ನಾಯುಗಳ ಸುತ್ತ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ಮಾಡೋ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳೋಕೆ ಕಲಿಯುತ್ತೆ. ಇದು ತಿಂಗಳುಗಳ ಕೆಲಸ. ಆದ್ರೆ ಒಮ್ಮೆ ಬಂದ್ರೆ ಬೇಗ ಹೋಗಲ್ಲ. ಇದಕ್ಕೆ ವಿರುದ್ಧವಾದದ್ದು ಟ್ರ್ಯಾಕ್‌ನ ಜೋರು ಓಟ, ಕಾಲು ಉರಿಯುತ್ತಲ್ಲ, ಆ ಥರದ್ದು. ಅದರಿಂದ ಸಿಗೋ ಲಾಭ ನಾಲ್ಕೈದು ವಾರದಲ್ಲೇ ಬಂದುಬಿಡುತ್ತೆ. ಬೇಗ ಬಂದದ್ದು ಬೇಗ ಹೋಗುತ್ತೆ ಕೂಡ.

ವ್ಲಾದಿಮಿರ್ ಇಸ್ಸುರಿನ್ ಅನ್ನೋ ಕ್ರೀಡಾ ವಿಜ್ಞಾನಿ ಇದಕ್ಕೆ ಅಂದಾಜು ಲೆಕ್ಕ ಕೊಟ್ಟಿದ್ದಾರೆ. ದೂರದ ಓಟದ ಅಭ್ಯಾಸ ನಿಲ್ಲಿಸಿದ್ರೂ ಅದರ ಫಲ ಸುಮಾರು 30 ದಿನ ನಿಲ್ಲುತ್ತೆ. ಕಾಲು ಉರಿಯೋ ಥರದ ಕಠಿಣ ಓಟದ ಫಲ ಸುಮಾರು 18 ದಿನ. ಶುದ್ಧ ವೇಗದ್ದು ಐದು ದಿನದ ಆಸುಪಾಸು. ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಕಮ್ಮಿ ಆಗುತ್ತೆ, ಆದ್ರೆ ಕ್ರಮ ಸ್ಪಷ್ಟ. ಉಳಿಯೋದನ್ನ ಮೊದಲು ಕಟ್ಟು, ಉಳಿಯದೇ ಇರೋದನ್ನ ರೇಸ್ ಹತ್ತಿರಕ್ಕೆ ಇಟ್ಕೋ.

ಈಗ ಆ ಹುಡುಗಿ ಹತ್ತಿರ ವಾಪಸ್ ಬನ್ನಿ. ಅವಳು ಮೊದಲ ದಿನದಿಂದಲೇ ಜೋರು ಓಟ ಮಾಡಿದ್ಲು. ಐದು ವಾರದಲ್ಲಿ ಫಲ ಬಂತು, ಮೊದಲ ಮೀಟ್ ಚೆನ್ನಾಗಾಯ್ತು. ಆಮೇಲೆ ಆ ಅಭ್ಯಾಸದಿಂದ ಹೊಸದಾಗಿ ಸಿಗೋದು ಏನೂ ಉಳಿದಿರಲಿಲ್ಲ, ಸುಸ್ತು ಮಾತ್ರ ಕೂಡ್ತಾ ಹೋಯ್ತು. ಕೆಳಗೆ ತಳಪಾಯವೂ ಇರಲಿಲ್ಲ. ಹದ ಮಾಡದ ಹೊಲಕ್ಕೆ ಗೊಬ್ಬರದ ಮೇಲೆ ಗೊಬ್ಬರ ಸುರಿದ ಹಾಗೆ.

20 ವಾರದ ಒಂದು ಲೆಕ್ಕ

ಸರಿ, ಅದೇ ಹುಡುಗಿಗೆ ಹೊಸದಾಗಿ ಪ್ಲ್ಯಾನ್ ಹಾಕೋಣ. 1500 ಮೀಟರ್‌ನಲ್ಲಿ 4:50 ಇದೆ, 4:40 ಬೇಕು. ಅಂದ್ರೆ ಒಂದು ಸುತ್ತಿಗೆ ಸುಮಾರು 77 ಸೆಕೆಂಡ್ ಇರೋದು 75ಕ್ಕಿಂತ ಒಂದು ಕೂದಲೆಳೆ ಕೆಳಗೆ ಬರ್ಬೇಕು. ಮುಖ್ಯ ಮೀಟ್‌ಗೆ 20 ವಾರ ಇದೆ. ಈಗ ವಾರಕ್ಕೆ 35 ಕಿಲೋಮೀಟರ್ ಓಡ್ತಾಳೆ.

ಮೊದಲ ಒಂಬತ್ತು ವಾರ ಬೇಸ್. 35ರಿಂದ ಶುರು ಮಾಡಿ ನಿಧಾನಕ್ಕೆ 55ರ ಹತ್ತಿರ ಹೋಗೋದು. ಪ್ರತಿ ವಾರ ಏರಿಸ್ತಾನೇ ಹೋಗಲ್ಲ. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸೋದು: 35, 40, 44, ಆಮೇಲೆ 34. ಆ ಇಳಿಸಿದ ವಾರವನ್ನ ಇಂಟರ್ನಲ್ಸ್ ಅಥವಾ ಸೆಮಿಸ್ಟರ್ ಪರೀಕ್ಷೆ ಇರೋ ವಾರಕ್ಕೆ ಹೊಂದಿಸಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ನಿದ್ದೆಗೆಟ್ಟು ಓದೋದು ಕೂಡ ದೇಹಕ್ಕೆ ಒಂದು ಹೊರೆನೇ.

ಓಟದ ವೇಗ? ಪಕ್ಕದಲ್ಲಿ ಓಡೋ ಗೆಳತಿ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕಾಗ್ಬೇಕು. ಇವಳಿಗೆ ಅದು ಕಿಲೋಮೀಟರ್‌ಗೆ 5:45ರಿಂದ 6 ನಿಮಿಷದ ಹತ್ತಿರ ಇರ್ಬಹುದು. ಇಲ್ಲೇ ಹೆಚ್ಚಿನವರು ಜಾರೋದು. ಆ್ಯಪ್‌ನಲ್ಲಿ ಬೇರೆಯವರ ವೇಗ ನೋಡಿ ನಾಚಿಕೆಯಾಗಿ, ನಿಧಾನ ಓಟವನ್ನೂ ಅರ್ಧಂಬರ್ಧ ಜೋರಾಗಿ ಓಡ್ತಾರೆ. ಆಗ ಹೊರೆ ಹೆಚ್ಚುತ್ತೆ, ಮರುದಿನದ ಓಟ ಕೆಡುತ್ತೆ. ವೇಗ ಪೂರ್ತಿ ಮರೆತುಹೋಗ್ಬಾರದು ಅಂತ ವಾರಕ್ಕೆ ಎರಡು ದಿನ ಓಟದ ಕೊನೆಗೆ 100 ಮೀಟರ್‌ನ ಆರು ಸ್ಟ್ರೈಡ್ಸ್ ಸಾಕು, ಸಡಿಲವಾಗಿ, ನಡುವೆ ಪೂರ್ತಿ ವಿಶ್ರಾಂತಿ ತಗೊಂಡು. ಐದನೇ ವಾರದಿಂದ ವಾರಕ್ಕೊಮ್ಮೆ 20 ನಿಮಿಷದ ಟೆಂಪೋ ಓಟ, ಅಂದ್ರೆ ಎರಡು ಮೂರು ಪದ ಮಾತ್ರ ಆಡೋಕಾಗೋ ವೇಗ.

ಬೇಸ್ ಕೆಲಸ ಮಾಡ್ತಿದ್ಯಾ ಅಂತ ಹೇಗೆ ಗೊತ್ತಾಗುತ್ತೆ? ಒಂದೇ 5 ಕಿಲೋಮೀಟರ್ ಸುತ್ತನ್ನ, ಒಂದೇ ಹೊತ್ತಲ್ಲಿ, ಹೃದಯ ಬಡಿತ 150 ದಾಟದ ಹಾಗೆ ಮೂರು ವಾರಕ್ಕೊಮ್ಮೆ ಓಡಿ. ಮೊದಲು 30 ನಿಮಿಷ ಆಗಿದ್ದು ಎಂಟನೇ ವಾರಕ್ಕೆ 28ರ ಹತ್ತಿರ ಬಂದ್ರೆ ತಳಪಾಯ ಏಳ್ತಾ ಇದೆ ಅಂತ ಅರ್ಥ. ಏಪ್ರಿಲ್ ಬಿಸಿಲಲ್ಲಿ ಓಡಿದ್ದನ್ನ ಡಿಸೆಂಬರ್ ಚಳಿಯ ಓಟಕ್ಕೆ ಹೋಲಿಸ್ಬೇಡಿ. ಸೆಕೆಗೆ ಬಡಿತ ತಾನಾಗೇ ಏರುತ್ತೆ.

ಮುಂದಿನ ಐದು ವಾರ ಬಿಲ್ಡ್. ಒಟ್ಟು ದೂರ 50ರಿಂದ 55 ಕಿಲೋಮೀಟರ್‌ನಲ್ಲೇ ನಿಲ್ಲಿಸಿ, ಗಡುಸುತನ ಏರಿಸೋದು. ದೂರ ಮತ್ತು ವೇಗ ಎರಡನ್ನೂ ಒಟ್ಟಿಗೆ ಏರಿಸಿದ್ರೆ ಗಾಯ ಆಗೋ ಸಾಧ್ಯತೆ ಜಾಸ್ತಿ. ಮೊದಲ ಎರಡು ವಾರ ಏರು ರಸ್ತೆ: 45 ಸೆಕೆಂಡ್ ಜೋರಾಗಿ ಹತ್ತೋದು, ನಡ್ಕೊಂಡು ಇಳಿಯೋದು, ಎಂಟು ಸಲ. ಏರು ಕಾಲಿಗೆ ಶಕ್ತಿ ಕೊಡುತ್ತೆ, ಆದ್ರೆ ಸಮತಟ್ಟು ನೆಲದಲ್ಲಿ ಪೂರ್ತಿ ವೇಗದಲ್ಲಿ ಓಡಿದಾಗ ಬೀಳೋಷ್ಟು ಹೊಡೆತ ಬೀಳಲ್ಲ. ಅದಕ್ಕೇ ಇದು ಟ್ರ್ಯಾಕ್‌ಗೆ ಮುಂಚಿನ ಸೇತುವೆ. ಆಮೇಲೆ ಮೂರು ವಾರ 1000 ಮೀಟರ್‌ನ ಐದು ರಿಪೀಟ್‌ಗಳು, ಒಂದೊಂದೂ 3:35ರ ಹತ್ತಿರ, ನಡುವೆ ಎರಡೂವರೆ ನಿಮಿಷ ಜಾಗಿಂಗ್. ಐದನೆಯದು ಮೊದಲನೆಯದಕ್ಕಿಂತ ನಿಧಾನ ಆದ್ರೆ ಶುರುವಿನಲ್ಲೇ ಜೋರು ಮಾಡಿದ್ದೀರಿ ಅಂತ ಲೆಕ್ಕ.

ಆಮೇಲೆ ನಾಲ್ಕು ವಾರ ಪೀಕ್‌ಗೆ ಸಿದ್ಧತೆ. ಈಗ, ಹೌದು, ಈಗ ಮಾತ್ರ, ರೇಸ್ ವೇಗದ 400 ಮೀಟರ್‌ಗಳು. ಮೊದಲು ನಾಲ್ಕು, ಆಮೇಲೆ ಐದಾರು, ಒಂದೊಂದು 75 ಸೆಕೆಂಡ್, ನಡುವೆ ಮೂರು ನಿಮಿಷ. ಇನ್ನೊಂದು ದಿನ 150 ಮೀಟರ್‌ನ ನಾಲ್ಕು ಚುರುಕು ಓಟ. ಇಂಥ ಕಠಿಣ ದಿನ ವಾರಕ್ಕೆ ಎರಡೇ, ಉಳಿದಿದ್ದೆಲ್ಲ ನಿಧಾನ. ನಡುವೆ ಒಂದು ಸಣ್ಣ 800 ಮೀಟರ್ ರೇಸ್ ಇದ್ರೆ ಓಡ್ಲಿ, ಆದ್ರೆ ಅದನ್ನ ಅಭ್ಯಾಸ ಅಂತಲೇ ತಿಳ್ಕೊಂಡು.

ಕೊನೆಯ ಎರಡು ವಾರ ಟೇಪರ್, ಅಂದ್ರೆ ಹೊರೆ ಇಳಿಸೋದು. ಇದರ ಬಗ್ಗೆ ನಡೆದ ಸಂಶೋಧನೆಗಳು ಚೆನ್ನಾಗಿ ಒಪ್ಪೋ ವಿಷಯ ಒಂದಿದೆ: ಸುಮಾರು ಎರಡು ವಾರ, ಒಟ್ಟು ದೂರವನ್ನ 40ರಿಂದ 60 ಪರ್ಸೆಂಟ್ ಇಳಿಸಿ, ಆದ್ರೆ ವೇಗವನ್ನ ಇಳಿಸ್ಬೇಡಿ, ಓಡೋ ದಿನಗಳನ್ನೂ ಹೆಚ್ಚು ಕಮ್ಮಿ ಮಾಡ್ಬೇಡಿ. ಇವಳು 50 ಓಡ್ತಿದ್ರೆ 30ಕ್ಕೆ, ಆಮೇಲೆ 20ರ ಹತ್ತಿರಕ್ಕೆ ಬರ್ತಾಳೆ. ರೇಸ್‌ಗೆ ನಾಲ್ಕು ದಿನ ಇದ್ದಾಗ 300 ಮೀಟರ್‌ನ ಮೂರು ಓಟ, 56 ಸೆಕೆಂಡ್‌ನಲ್ಲಿ, ನಡುವೆ ಬೇಕಾದಷ್ಟು ವಿಶ್ರಾಂತಿ. ಅಷ್ಟೇ. ಈ ಎರಡು ವಾರದಲ್ಲಿ ಹೊಸ ಫಿಟ್‌ನೆಸ್ ಬರಲ್ಲ. ಹದಿನೆಂಟು ವಾರದಲ್ಲಿ ಕಟ್ಟಿದ್ದನ್ನ ಮುಚ್ಚಿಟ್ಟಿದ್ದ ಸುಸ್ತು ಇಳಿಯುತ್ತೆ, ಆಗ ಕಟ್ಟಿದ್ದು ಹೊರಗೆ ಕಾಣುತ್ತೆ.

ಟೇಪರ್‌ನಲ್ಲಿ ಎರಡು ಥರದ ಎಡವಟ್ಟು ಆಗುತ್ತೆ. ಒಂದು, ಪೂರ್ತಿ ಮಲಗಿಬಿಡೋದು. ಆಗ ರೇಸ್ ದಿನ ಕಾಲು ಮರದ ದಿಮ್ಮಿ ಥರ ಅನ್ಸುತ್ತೆ. ಇನ್ನೊಂದು, ಭಯ ಬಿದ್ದು ಐದು ದಿನ ಮುಂಚೆ "ಒಂದ್ಸಲ ಟೈಮ್ ನೋಡ್ಕೊಳ್ಳೋಣ" ಅಂತ ಮೈದಾನದಲ್ಲೇ ರೇಸ್ ಓಡಿ ಮುಗಿಸೋದು.

ಟ್ರಯಲ್ಸ್ ಅನ್ನೋ ತಲೆನೋವು

ಇಷ್ಟು ಕೇಳಿ ನೀವು ಹೇಳ್ಬಹುದು, "ಸಾರ್, ನಮಗೆ ಒಂದೇ ಮೀಟ್ ಎಲ್ಲಿದೆ? ಕಾಲೇಜ್ ಮೀಟ್, ವಿಶ್ವವಿದ್ಯಾಲಯದ ಮೀಟ್, ಸೆಲೆಕ್ಷನ್ ಟ್ರಯಲ್ಸ್, ಆಮೇಲೆ ನಿಜವಾದ ಮೀಟ್." ಇದು ನ್ಯಾಯವಾದ ಪ್ರಶ್ನೆ. ಟ್ರಯಲ್ಸ್‌ನಲ್ಲಿ ಆಯ್ಕೆಯಾಗದಿದ್ರೆ ಮುಂದಿನದ್ದೇ ಇಲ್ಲ. ಆದ್ರೆ ಟ್ರಯಲ್ಸ್‌ಗೇ ಪೂರ್ತಿ ಶಕ್ತಿ ಖಾಲಿ ಮಾಡಿದ್ರೆ ದೊಡ್ಡ ಮೀಟ್‌ನಲ್ಲಿ ಕೈಗೆ ಏನೂ ಸಿಗಲ್ಲ.

ಇಲ್ಲಿ ಎರಡು ಮೀಟ್‌ಗಳ ನಡುವೆ ಎಷ್ಟು ಅಂತರ ಇದೆ ಅನ್ನೋದೇ ನಿರ್ಧಾರ ಮಾಡುತ್ತೆ. ಎರಡು ವಾರದೊಳಗೆ ಇದ್ರೆ ಎರಡನ್ನೂ ಒಂದೇ ಪೀಕ್‌ನಲ್ಲಿ ಹಿಡಿಯಬಹುದು. ನಡುವೆ ನಿಧಾನ ಓಟ, ಒಂದೆರಡು ಚುರುಕು ದಿನ, ಸಾಕು. ಎಂಟು ವಾರ ಅಥವಾ ಹೆಚ್ಚು ಇದ್ರೆ ಎರಡನೇ ಚಿಕ್ಕ ಸೀಸನ್ ಕಟ್ಟಬಹುದು: ಒಂದು ವಾರ ವಿಶ್ರಾಂತಿ, ಮೂರು ವಾರ ಮತ್ತೆ ಬೇಸ್, ಆಮೇಲೆ ಮೇಲಕ್ಕೆ. ನಿಜವಾದ ಕಷ್ಟ ನಾಲ್ಕೈದು ವಾರದ ಅಂತರ. ಒಂದು ಪೀಕ್‌ನ ಹಿಡಿದಿಡೋಕೆ ಜಾಸ್ತಿ, ಹೊಸದು ಕಟ್ಟೋಕೆ ಕಮ್ಮಿ. ಆಗ ಟ್ರಯಲ್ಸ್‌ಗೆ ಪೂರ್ತಿ ಟೇಪರ್ ಮಾಡದೆ, ನಾಲ್ಕೈದು ದಿನ ಮಾತ್ರ ಹಗುರ ಮಾಡಿ ಓಡೋದು, ಟ್ರಯಲ್ಸ್ ಮುಗಿದ ಮೇಲೆ ಎರಡು ವಾರ ದೂರದ ಓಟಕ್ಕೆ ಮರಳೋದು ಒಳ್ಳೇದು. ಟ್ರಯಲ್ಸ್‌ನಲ್ಲಿ ಗಡಿಯಲ್ಲಿ ನಿಂತಿರೋರಿಗೆ ಈ ಸೌಲಭ್ಯ ಇಲ್ಲ ಅನ್ನೋದೂ ನಿಜ. ಅವರು ಪೂರ್ತಿ ಪೀಕ್ ಆಗಿಯೇ ಆಯ್ಕೆ ಆಗ್ಬೇಕು. ದೊಡ್ಡ ಮೀಟ್‌ನಲ್ಲಿ ಅವರ ಟೈಮ್ ಇಳಿದ್ರೆ ಅದನ್ನ ಸೋಮಾರಿತನ ಅಂತ ಕರೆಯೋದು ಅನ್ಯಾಯ.

ದೇಹ ಕೊಡೋ ಸೂಚನೆ

ಪ್ಲ್ಯಾನ್ ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ರೂ ಅದು ಒಂದು ಅಂದಾಜು. ಐರ್ಲೆಂಡ್‌ನ ಸಂಶೋಧಕ ಜಾನ್ ಕೀಲಿ 2012ರಲ್ಲೇ ಒಂದು ಲೇಖನದಲ್ಲಿ ಈ ಹಂತಗಳ ಪದ್ಧತಿ ಎಷ್ಟರ ಮಟ್ಟಿಗೆ ಪುರಾವೆ ಮೇಲೆ ನಿಂತಿದೆ, ಎಷ್ಟರ ಮಟ್ಟಿಗೆ ಸಂಪ್ರದಾಯದ ಮೇಲೆ ಅಂತ ಕೇಳಿದ್ರು. ಒಂದೇ ಪ್ಲ್ಯಾನ್‌ಗೆ ಇಬ್ಬರು ಒಂದೇ ಥರ ಸ್ಪಂದಿಸಲ್ಲ. ಆದ್ದರಿಂದ ವಾರ ವಾರ ನೋಡ್ಬೇಕು.

ಏನನ್ನ ನೋಡ್ಬೇಕು? ಬೆಳಗ್ಗೆ ಎದ್ದ ತಕ್ಷಣದ ನಾಡಿ. ಯಾವಾಗ್ಲೂ 56 ಇರೋದು ಸತತ ನಾಲ್ಕೈದು ದಿನ 64 ಇದ್ರೆ ಏನೋ ಸರಿ ಇಲ್ಲ. ಸುಸ್ತಾಗಿದ್ರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ನಿಧಾನ ಓಟವೇ ಕಷ್ಟ ಅನ್ಸುತ್ತೆ, ಇವೂ ಅದೇ ಸೂಚನೆ. ಎರಡು ಮೂರು ಒಟ್ಟಿಗೆ ಬಂದ್ರೆ ಆ ವಾರದ ಕಠಿಣ ದಿನ ಬಿಡಿ. ಎರಡು ವಾರ ಹಗುರ ಮಾಡಿದ್ರೂ ಸರಿ ಹೋಗ್ಲಿಲ್ಲ ಅಂದ್ರೆ ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಕೊರತೆ ಓಟಗಾರ್ತಿಯರಲ್ಲಿ ಸಾಮಾನ್ಯ, ಹೊರಗಿಂದ ಅದು ಬರೀ ಸೋಮಾರಿತನದ ಥರ ಕಾಣುತ್ತೆ.

ಇನ್ನೊಂದು ವಿಷಯ, ನಮ್ಮ ಮೈದಾನಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದು. ಟ್ರೇನಿಂಗ್ ಜಾಸ್ತಿಯಾದಾಗ ಮುಟ್ಟು ನಿಂತುಹೋದ್ರೆ ಕೆಲವರು "ಓಟಗಾರ್ತಿಯರಿಗೆ ಅದು ಮಾಮೂಲು" ಅಂತಾರೆ. ಅಲ್ಲ. ತಿನ್ನೋ ಊಟ ಓಡೋ ಓಟಕ್ಕೆ ಸಾಲ್ತಿಲ್ಲ ಅಂತ ದೇಹ ಕೊಡೋ ಎಚ್ಚರಿಕೆ ಅದು. ಹಾಗೇ ಬಿಟ್ರೆ ಮೂಳೆ ತೆಳುವಾಗುತ್ತೆ, ಬಿರುಕು ಬಿಡುತ್ತೆ. ಮೂರು ತಿಂಗಳು ಬರದಿದ್ರೆ ಪ್ಲ್ಯಾನ್ ಪಕ್ಕಕ್ಕಿಟ್ಟು ವೈದ್ಯರನ್ನ ನೋಡ್ಲೇಬೇಕು. ಕೋಚ್ ಹತ್ತಿರ ಹೇಳೋಕೆ ಸಂಕೋಚ ಆದ್ರೆ ಅಮ್ಮನ ಹತ್ತಿರನೋ, ಅಕ್ಕನ ಹತ್ತಿರನೋ ಹೇಳಿ.

ಕೊನೆಗೆ ರಿಕವರಿ ಹಂತ. ಮುಖ್ಯ ಮೀಟ್ ಮುಗಿದ ಮೇಲೆ ಎರಡು ಮೂರು ವಾರ. ಮೊದಲ ವಾರ ಓಟವೇ ಇಲ್ಲ. ಆಮೇಲೆ ಈಜು, ಸೈಕಲ್, ಗೆಳೆಯರ ಜೊತೆ ಶಟಲ್, ವಾಚ್ ಇಲ್ಲದ ಸಣ್ಣ ಓಟ. ಫಿಟ್‌ನೆಸ್ ಸ್ವಲ್ಪ ಇಳಿಯುತ್ತೆ, ಇಳೀಲಿ. ಗೆದ್ದೋರು ಈ ಹಂತ ಬಿಡೋದು ಜಾಸ್ತಿ, ಯಾಕಂದ್ರೆ ಫಾರ್ಮ್‌ನಲ್ಲಿ ಇದ್ದೀನಿ, ಯಾಕೆ ನಿಲ್ಲಿಸ್ಲಿ ಅನ್ಸುತ್ತೆ. ಮುಂದಿನ ಬೇಸ್ ಅರ್ಧಕ್ಕೆ ಬಂದಾಗ ಮೊಣಕಾಲಿನ ಕೆಳಗೆ ನೋವು ಶುರುವಾದ್ರೆ, ಅದು ಎಷ್ಟೋ ಸಲ ಆಗ ಬಿಟ್ಟ ವಿಶ್ರಾಂತಿಯ ಸಾಲ.

ನೀವು ಓಡೋರಾಗಿದ್ರೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಫೋನ್‌ನ ಕ್ಯಾಲೆಂಡರ್ ತೆಗೆದು ನಿಮ್ಮ ಮುಖ್ಯ ಮೀಟ್‌ನ ತಾರೀಖು ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ: ಎರಡು ವಾರ ಟೇಪರ್, ನಾಲ್ಕು ವಾರ ಪೀಕ್, ಐದು ವಾರ ಬಿಲ್ಡ್, ಉಳಿದಿದ್ದೆಲ್ಲ ಬೇಸ್. ನಿಮ್ಮ ಹತ್ತಿರ ಹತ್ತೇ ವಾರ ಉಳಿದಿದ್ರೆ ಕತ್ತರಿಸ್ಬೇಕಾದ್ದು ಟ್ರ್ಯಾಕ್‌ನ ಕಠಿಣ ಕೆಲಸವನ್ನ, ಬೇಸ್‌ನ ಅಲ್ಲ. ಆ ಲೆಕ್ಕವನ್ನ ನಾಳೆ ಬೆಳಗ್ಗೆ ನಿಮ್ಮ ಕೋಚ್‌ಗೆ ತೋರಿಸಿ ಮಾತಾಡಿ.